ಕನಸಿಗೆ ಬಂದವರು ಯಾರು? ನೆರಳು, ಅಜ್ಜ, ಅವ್ವ



ಸ್ವಿಸ್ ಮನೋವೈದ್ಯ ಕಾರ್ಲ್ ಗುಸ್ತಾವ್ ಯುಂಗ್ 1937ರ ಕೊನೆಯಲ್ಲಿ ಭಾರತಕ್ಕೆ ಬಂದರು. ಕಲ್ಕತ್ತೆಯಲ್ಲಿ ನಡೆಯಲಿದ್ದ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕೆ ಅವರಿಗೆ ಆಹ್ವಾನವಿತ್ತು. ಆ ಪ್ರವಾಸದಲ್ಲಿ ಅವರು ಮೈಸೂರು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ಕುಳಿತು ಮಾತಾಡಿದರು. ರಮಣ ಮಹರ್ಷಿಗಳನ್ನು ಕಾಣುವ ಅವಕಾಶವಿದ್ದರೂ ಹೋಗಲಿಲ್ಲ. ಕಲ್ಕತ್ತೆಯಲ್ಲಿ ಆಮಶಂಕೆಯಿಂದ ಆಸ್ಪತ್ರೆ ಸೇರಿ, ಚೇತರಿಸಿಕೊಳ್ಳುವ ಹೊತ್ತಿಗೆ ಅವರಿಗೊಂದು ದೊಡ್ಡ ಕನಸು ಬಿತ್ತು. ಭಾರತದಲ್ಲಿ ಮಲಗಿದ್ದವರ ಆ ಕನಸಿನಲ್ಲಿ ಭಾರತವೇ ಇರಲಿಲ್ಲ. ಇಂಗ್ಲೆಂಡಿನ ಕರಾವಳಿಯಾಚೆಯ ಒಂದು ದ್ವೀಪ, ಅಲ್ಲಿ ಕ್ರೈಸ್ತರ ಪುರಾಣದ ಪವಿತ್ರ ಪಾತ್ರೆ, ಅದನ್ನು ತರಲು ತಣ್ಣನೆಯ ನೀರಿನಲ್ಲಿ ಒಬ್ಬನೇ ಈಜಬೇಕಾದ ಕೆಲಸ. ನಿನ್ನ ಕೆಲಸ ನಿನ್ನ ಊರಿನಲ್ಲಿದೆ ಎಂದು ಕನಸು ತನಗೆ ಹೇಳಿತೆಂದು ಯುಂಗ್ ತಿಳಿದರು.

ಈ ಪ್ರಸಂಗ ನನಗೆ ಬೇಕಾದದ್ದು ಒಂದು ಕಾರಣಕ್ಕೆ. ಯುಂಗ್ ಹೇಳಿದ ಮೂಲಪ್ರತಿಮೆಗಳನ್ನು, ಅಂದರೆ ನೆರಳು, ಜ್ಞಾನಿ ವೃದ್ಧ, ತಾಯಿ ಮುಂತಾದ ಆಕೃತಿಗಳನ್ನು, ನಾವು ಇಲ್ಲಿ ಕೂತು ಮಾತಾಡುವಾಗ ಒಂದು ತೊಡಕಿದೆ. ಜೂರಿಕ್‌ನಲ್ಲಿ ಅವರ ಬಳಿಗೆ ಬರುತ್ತಿದ್ದವರಲ್ಲಿ ಹಲವರು ದೇವರನ್ನು ಬಿಟ್ಟು ಬಂದವರು. ಕನಸಿನಲ್ಲಿ ದೇವತೆ ಕಂಡರೂ ಅವರಿಗೆ ಗುರುತು ಹತ್ತುತ್ತಿರಲಿಲ್ಲ. ಆದ್ದರಿಂದ ಯುಂಗ್ ಅವರಿಗೆ ಪುರಾಣ ಕಲಿಸಬೇಕಾಗಿತ್ತು. ನಮ್ಮ ಕಡೆ ಪರಿಸ್ಥಿತಿ ತಿರುಗಾಮುರುಗಾ. ಕನಸು ಕಂಡವನು ಹಾಸಿಗೆಯಿಂದ ಏಳುವ ಮೊದಲೇ ಅರ್ಥ ತಯಾರಿರುತ್ತದೆ. ಹಾವು ಕಂಡರೆ ನಾಗಪ್ಪ, ಮುದುಕ ಕಂಡರೆ ಮಠದ ಅಜ್ಜಾರು, ಹೆಣ್ಣು ಕಂಡರೆ ಲಕ್ಷ್ಮವ್ವ. ಹರಕೆ ಯಾವುದೋ ಬಾಕಿ ಇದೆ, ತೀರಿಸು. ಪುರಾಣ ನಮ್ಮಲ್ಲಿ ಬೇಕಾದಷ್ಟಿದೆ. ಆ ಗಡಿಬಿಡಿಯಲ್ಲಿ ಕಳೆದುಹೋಗುವುದು ಕನಸು ಕಂಡ ಮನುಷ್ಯನ ಸ್ವಂತ ಕಥೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ: ಕನಸಿಗೆ ಬಂದವರ ಮುಖವನ್ನು ಮೊದಲು ನಮ್ಮ ಮನೆ, ಹೊಲ, ಓಣಿಗಳಲ್ಲಿ ಹುಡುಕಬೇಕು. ಅಲ್ಲಿ ಸಿಕ್ಕಷ್ಟು ಸಿಕ್ಕ ಮೇಲೆ ಪುರಾಣಕ್ಕೆ ಹೋಗಬಹುದು.

ಮೂಲಪ್ರತಿಮೆ ಎಂದರೆ ಹುಟ್ಟಿನಿಂದಲೇ ತಲೆಯಲ್ಲಿರುವ ಚಿತ್ರ ಎಂಬ ತಪ್ಪು ತಿಳಿವಳಿಕೆ ಬಹಳ ಹರಡಿದೆ. ಯುಂಗ್ ಅದನ್ನು ಮತ್ತೆ ಮತ್ತೆ ತಿದ್ದಿದರು. ಚಿತ್ರ ಅನುವಂಶೀಯವಾಗಿ ಬರುವುದಿಲ್ಲ, ಚಿತ್ರ ಮೂಡುವ ಒಲವು ಮಾತ್ರ ಬರುತ್ತದೆ ಎಂಬುದು ಅವರ ವಾದ. ಅದಕ್ಕೆ ಅವರು ಕೊಡುತ್ತಿದ್ದ ಉದಾಹರಣೆ ಹರಳಿನದು: ದ್ರಾವಣದಲ್ಲಿ ಹರಳು ಕಾಣುವುದಿಲ್ಲ, ಆದರೆ ಅದು ಯಾವ ಕೋನಗಳಲ್ಲಿ ಕಟ್ಟಿಕೊಳ್ಳಬೇಕು ಎಂಬುದು ಆಗಲೇ ನಿಶ್ಚಯವಾಗಿರುತ್ತದೆ. ಈ ಒಲವಾದರೂ ಹುಟ್ಟಿನಿಂದ ಬರುತ್ತದೆ ಎನ್ನಲು ಪ್ರಯೋಗಾಲಯದ ಪುರಾವೆ ಗಟ್ಟಿಯಾಗಿಲ್ಲ. ಎಲ್ಲರೂ ತಾಯಿಯ ಕೈಯಲ್ಲಿ ಬೆಳೆದವರು, ಎಲ್ಲರೂ ಹಿರಿಯರ ಮಾತು ಕೇಳಿದವರು. ಎಲ್ಲ ಊರುಗಳಲ್ಲೂ ಒಂದೇ ಬಗೆಯ ಆಕೃತಿಗಳು ಬರಲು ಅಷ್ಟೇ ಸಾಕು ಎನ್ನುವವರೂ ಇದ್ದಾರೆ. ಆ ಜಗಳವನ್ನು ನಾನು ಬಗೆಹರಿಸಲಾರೆ. ಕನಸು ಓದುವ ಕೆಲಸಕ್ಕೆ ಅದು ಬಗೆಹರಿಯಲೇಬೇಕೆಂದೂ ಇಲ್ಲ.

ಇನ್ನು ಒಂದು ಪ್ರಕರಣ. ಮನಶ್ಶಾಸ್ತ್ರದ ಮೇಷ್ಟ್ರಾಗಿದ್ದ ದಿನಗಳಲ್ಲಿ ಒಬ್ಬರು ನನಗೆ ತಮ್ಮ ಕನಸುಗಳನ್ನು ಹೇಳಿದ್ದರು. ಅವರ ಒಪ್ಪಿಗೆ ಇದೆ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮೂಡಲಗಿ ಭಾಗದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕರು, ನಲವತ್ತು ದಾಟಿದವರು. ದನಿ ಏರಿಸಿ ಮಾತಾಡಿದ್ದನ್ನು ಊರಿನಲ್ಲಿ ಯಾರೂ ಕೇಳಿಲ್ಲ. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ನೀರಿನ ಮೇಲೆ ಮನೆಯ ಕಬ್ಬು. ಅಣ್ಣನ ಜೊತೆ ವಾಟ್ನಿ ಆಗಿ ವರ್ಷವೂ ಆಗಿರಲಿಲ್ಲ.

ಮೊದಲನೆಯ ಕನಸು. ರಾತ್ರಿ. ಇವರು ಹೊಲದ ಬದುವಿನ ಮೇಲೆ ನಿಂತಿದ್ದಾರೆ. ಪಾಳಿ ಪಕ್ಕದ ಹೊಲದ್ದು. ಒಬ್ಬ ಕಪ್ಪು ಮನುಷ್ಯ ಬಗ್ಗಿ, ಸಲಿಕೆಯಿಂದ ಮಣ್ಣು ತೆಗೆದು ನೀರನ್ನು ಇವರ ಹೊಲಕ್ಕೆ ತಿರುಗಿಸುತ್ತಿದ್ದಾನೆ. ಇವರು ಹಿಡಿಯಲು ಓಡುತ್ತಾರೆ, ಕಾಲು ಕೆಸರಿನಲ್ಲಿ ಹೂಳುತ್ತದೆ. ಅವನು ತಿರುಗಿ ನಕ್ಕು ಮತ್ತೆ ಕೆಲಸಕ್ಕೆ ಬಾಗುತ್ತಾನೆ. ಎಚ್ಚರವಾದಾಗ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು.

ನಾನು ಕೇಳಿದ ಮೊದಲ ಪ್ರಶ್ನೆ: “ಅಂವ ಯಾರ ಹಂಗ ಕಂಡ?” ಅವರು ತಡವಿಲ್ಲದೆ, “ಯಾರೋ ಬ್ಯಾರೆ ಕೇರಿ ಮನಿಷಾ ಇದ್ದಾಂಗಿತ್ರಿ, ಸರ್” ಎಂದರು. ಈ ಉತ್ತರದ ಹತ್ತಿರ ಸ್ವಲ್ಪ ನಿಲ್ಲಬೇಕು. ನಾನು ಹೀಗಲ್ಲ ಎಂದು ನಮ್ಮೊಳಗಿನಿಂದ ಹೊರಹಾಕಿದ್ದನ್ನೆಲ್ಲ ಹೊತ್ತು ಬರುವವನಿಗೆ ಯುಂಗ್ ನೆರಳು ಎಂದು ಹೆಸರಿಟ್ಟರು. ಸಾಮಾನ್ಯವಾಗಿ ಅವನು ಕನಸು ಕಂಡವರ ಲಿಂಗದವನೇ ಆಗಿರುತ್ತಾನೆ, ಕೀಳಾಗಿ ಕಾಣುತ್ತಾನೆ, ಅವನ ಮೇಲೆ ಬರುವ ಸಿಟ್ಟು ಅವನು ಮಾಡಿದ ಕೆಲಸಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಯಾರ ವೇಷದಲ್ಲಿ ಬರುತ್ತಾನೆ? ಸಮಾಜ ಯಾರನ್ನು ಕೀಳೆಂದು ಕಲಿಸಿದೆಯೋ ಅವರ ವೇಷದಲ್ಲಿ. ಯುಂಗ್ ಅವರದೇ ಕನಸು ಸಾಕ್ಷಿಗಿದೆ. 1913ರ ಡಿಸೆಂಬರಿನಲ್ಲಿ ಅವರು ಜರ್ಮನರ ವೀರ ಸೀಗ್‌ಫ್ರೀಡ್‌ನನ್ನು ಗುಂಡಿಟ್ಟು ಕೊಂದ ಕನಸು ಕಂಡರು. ಜೊತೆಗಿದ್ದ ಸಹಾಯಕ ಒಬ್ಬ ಕಂದುಬಣ್ಣದ ‘ಕಾಡು’ ಮನುಷ್ಯ. ಆದಿಮ ನೆರಳು ಎಂದು ಯುಂಗ್ ಅದನ್ನು ವಿವರಿಸಿದರು; ಯುರೋಪಿನವನೊಬ್ಬನ ನೆರಳು ವಸಾಹತಿನ ಪ್ರಜೆಯ ಬಣ್ಣದಲ್ಲೇ ಏಕೆ ಬಂತು ಎಂದು ಕೇಳಿಕೊಳ್ಳಲಿಲ್ಲ. ನಾವು ಕೇಳಿಕೊಳ್ಳಬೇಕು. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕನಸಿನ ಕಳ್ಳ ಯಾವ ಕೇರಿಯವನು, ಯಾವ ಭಾಷೆ ಆಡುತ್ತಾನೆ ಎಂಬುದನ್ನು ಬರೆದಿಟ್ಟುಕೊಂಡು ನೋಡಿದರೆ, ಮನಸ್ಸಿನ ಜೊತೆಗೆ ಊರಿನ ನಕ್ಷೆಯೂ ಸಿಕ್ಕೀತು.

ಎರಡನೆಯ ಸಲ ಅದೇ ಕನಸನ್ನು ಹೇಳುವಾಗ ಶಿಕ್ಷಕರಿಗೆ ಬಿಟ್ಟುಹೋಗಿದ್ದ ಒಂದು ವಿವರ ನೆನಪಾಯಿತು. ಆ ಮನುಷ್ಯನ ಕೈಯಲ್ಲಿ ವಾಚಿತ್ತು. ಮೆಟ್ರಿಕ್ ಪಾಸಾದಾಗ ಅಪ್ಪ ಇವರಿಗೆ ಕೊಡಿಸಿದ ವಾಚು. ಬೇರೆ ಕೇರಿಯವನ ಮೈಮೇಲೆ ಇವರ ವಾಚು! ಒಂದೇ ಕನಸನ್ನು ಎರಡು ಸಲ ಹೇಳಿಸಬೇಕು ಎನ್ನುವುದು ಇದಕ್ಕೇ. ಮೊದಲ ಸಲ ಬಿಟ್ಟುಹೋಗುವ ಸಣ್ಣ ವಸ್ತುವಿನಲ್ಲಿ ಬಹಳ ಸಲ ಗುಟ್ಟಿರುತ್ತದೆ. ವಾಚಿನಿಂದ ಅಪ್ಪ, ಅಪ್ಪನಿಂದ ಹೊಲ, ಹೊಲದಿಂದ ವಾಟ್ನಿ. ಕಾಲುವೆಯ ಬದಿಯ ಒಳ್ಳೆಯ ತುಂಡು ಅಣ್ಣನಿಗೆ ಹೋಗಿತ್ತು. ಆಗ ಇವರು, “ನಂಗ ಪಗಾರ ಐತಿ, ಅವ್ನ ತಗೊಳ್ಳಿ ಬಿಡ್ರಿ” ಎಂದಿದ್ದರು, ನಿಜವಾಗಿಯೂ ಹಾಗೇ ಅನಿಸಿದೆ ಎಂದು ನಂಬಿಕೊಂಡೂ ಇದ್ದರು. ಕನಸಿನ ಮನುಷ್ಯ ಕದಿಯುತ್ತಿದ್ದದ್ದು ಯಾರಿಗಾಗಿ? ನೀರು ತಿರುಗಿದ್ದು ಇವರ ಹೊಲಕ್ಕೇ. ಬೇಕು ಎನ್ನುವುದನ್ನು ಇವರು ಬಾಯಿಬಿಟ್ಟು ಹೇಳಲಿಲ್ಲ, ರಾತ್ರಿ ಅವನು ಸಲಿಕೆ ಹಿಡಿದು ಹೇಳಿದ.

ನೆರಳನ್ನು ಕೊಂದುಹಾಕಿದರೆ ಮುಗಿಯುತ್ತದೆ ಎನ್ನುವವರು ನಮ್ಮ ಹುಕ್ಕೇರಿ ತಾಲೂಕಿನ ಘೋಡಗೇರಿಯವರೇ ಆದ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ ನಾಟಕವನ್ನು ಓದಬೇಕು. 1991ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ರಾಜಕುಮಾರ ಶಿವನಾಗದೇವ ತನ್ನನ್ನೇ ಎರಡು ಹೋಳು ಮಾಡಿಸಿಕೊಳ್ಳುತ್ತಾನೆ. ಒಂದು ಹೋಳಿನಿಂದ ಅವನೇ ಎದ್ದು ಬರುತ್ತಾನೆ, ಇನ್ನೊಂದರಿಂದ ಹಾವು. ಹೆಂಡತಿಯನ್ನು ಅವನು ದೂರವಿಟ್ಟಾಗ ಹಾವು ಅವನದೇ ರೂಪದಲ್ಲಿ ಅವಳ ಬಳಿಗೆ ಬರುತ್ತದೆ. ಕೊನೆಗೆ ಹಾವನ್ನು ಕೊಂದಾಗ ತಾನೂ ಉಳಿಯುವುದಿಲ್ಲ. ಜಾನಪದದ ಎಳೆ ಹಿಡಿದು ಹೊರಟ ನಾಟಕ ಯುಂಗ್ ಹೇಳಿದ್ದನ್ನು ಅವರಿಗಿಂತ ಖಡಕ್ಕಾಗಿ ಹೇಳುತ್ತದೆ ಎಂದು ನನಗೆ ಅನಿಸಿದೆ.

ಕೆಲವು ವಾರ ಬಿಟ್ಟು ಎರಡನೆಯ ಕನಸು. ಶಾಲೆಯ ಕಟ್ಟೆಯ ಮೇಲೆ ಪಟಗ ಸುತ್ತಿದ ಒಬ್ಬ ಅಜ್ಜ ಕೂತಿದ್ದಾನೆ. ಮುಂದೆ ಉತಾರದ ದೊಡ್ಡ ಪುಸ್ತಕ. ಶಿಕ್ಷಕರು ನಮಸ್ಕಾರ ಮಾಡಿದರೆ ಆಶೀರ್ವಾದವಿಲ್ಲ. “ನಿನ್ನ ಹೆಸರ ಯಾವ ಸಾಲಿನ್ಯಾಗ ಐತಿ, ತೋರ್ಸು” ಎನ್ನುತ್ತಾನೆ. ಇವರು ಹುಡುಕುತ್ತಾರೆ. ಅಕ್ಷರ ಕಾಣುತ್ತವೆ, ಓದಲು ಬರುವುದಿಲ್ಲ. ಮೇಷ್ಟ್ರಿಗೆ ಓದು ಬಾರದ ಆ ನಾಚಿಕೆಯಲ್ಲೇ ಎಚ್ಚರ.

ಮನೆಯವರು ಕೂಡಲೇ ಇದು ಅಜ್ಜಾರ ದರ್ಶನ ಎಂದರು. ಮೂಡಲಗಿಯ ಶಿವಬೋಧರಂಗ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಅದರಲ್ಲಿ ತಪ್ಪೇನಿಲ್ಲ. ಅಜ್ಜ ಎಂಬ ಆಕೃತಿ ನಮ್ಮಲ್ಲಿ ಬರೀ ಕನಸಿನ ಸರಕೂ ಅಲ್ಲ. ಬಡತನದಿಂದ ಕಂಬಾರರ ಓದು ನಿಂತಾಗ ಶಾಲೆಯ ಖರ್ಚು ಹೊತ್ತವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಎಚ್ಚರದ ಬದುಕಿನಲ್ಲಿ ಇಂಥ ಹಿರಿಯರು ಸಿಕ್ಕ ನೆಲದಲ್ಲಿ ಕನಸಿನ ಜ್ಞಾನಿಗೆ ಅವರ ಪಟಗ, ಅವರ ಗಡ್ಡ ಬರುವುದು ಸಹಜ. ಆದರೆ ದರ್ಶನ ಎಂದ ಕೂಡಲೇ ಅಜ್ಜ ಕೇಳಿದ ಪ್ರಶ್ನೆ ಬದಿಗೆ ಸರಿಯಿತು. ಯುಂಗ್ ಜನಪದ ಕಥೆಗಳಲ್ಲಿನ ವೃದ್ಧನ ಬಗ್ಗೆ ಬರೆಯುವಾಗ ಗಮನಿಸಿದ್ದು ಇದನ್ನೇ. ನಾಯಕ ದಿಕ್ಕುಗೆಟ್ಟಾಗ ಮುದುಕ ಬರುತ್ತಾನೆ, ಬಂದು ಯಾರು ನೀನು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ, ಏಕೆ ಎಂದು ಕೇಳುತ್ತಾನೆ. ಆ ಪ್ರಶ್ನೆಗಳಿಂದಲೇ ನಾಯಕ ಒಂದು ಗಳಿಗೆ ನಿಂತು ಯೋಚಿಸುವಂತಾಗುತ್ತದೆ. ನಮ್ಮ ಕಥೆಗಳಲ್ಲಿ ಈ ಕೆಲಸ ಹೆಚ್ಚಾಗಿ ಊರ ಹೊರಗಿನ ಅಡಗೂಲಜ್ಜಿಯದು, ಗಂಡಸಿಗೇ ಅದು ಮೀಸಲಾಗಿಲ್ಲ. ಹೆಣ್ಣುಮಕ್ಕಳ ಕನಸು ಕೇಳುವವರು ಇದನ್ನು ನೆನಪಿಡಬೇಕು.

ಯುಂಗ್ ಅವರಿಗೂ ಇಂಥ ಒಬ್ಬ ವೃದ್ಧ ಕಂಡಿದ್ದ. ಕಡಲಿನಂಥ ನೀಲಿ ಆಕಾಶದಲ್ಲಿ ತೇಲಿ ಬಂದ, ಎತ್ತಿನ ಕೋಡು, ಮಿಂಚುಳ್ಳಿಯ ರೆಕ್ಕೆ, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಅವನನ್ನು ಫಿಲೆಮಾನ್ ಎಂದು ಕರೆದು ಕಲ್ಪನೆಯಲ್ಲಿ ಅವನ ಜೊತೆ ತೋಟದಲ್ಲಿ ಮಾತಾಡುತ್ತ ಓಡಾಡಿದರು. ವರ್ಷಗಳ ನಂತರ ಗಾಂಧೀಜಿಯ ಸ್ನೇಹಿತರಾದ ಒಬ್ಬ ಭಾರತೀಯ ಹಿರಿಯರು ಮನೆಗೆ ಬಂದು, ನನ್ನ ಗುರು ಶಂಕರಾಚಾರ್ಯರು, ಶತಮಾನಗಳ ಹಿಂದಿನ ಆ ಭಾಷ್ಯಕಾರರೇ, ಎಂದು ಸಹಜವಾಗಿ ಹೇಳಿದರಂತೆ. ಕೇಳಿ ಯುಂಗ್ ಅವರಿಗೆ ನೆಮ್ಮದಿಯಾಯಿತು. ತನಗೆ ಹುಚ್ಚು ಹಿಡಿದಿಲ್ಲ, ಲೋಕದಲ್ಲಿ ಇಂಥವರು ಇನ್ನೂ ಇದ್ದಾರೆ ಎಂದು.

ಅಪಾಯ ಇರುವುದೂ ಇಲ್ಲೇ. ಅಜ್ಜ ನನಗೆ ಹೇಳಿದ ಎನ್ನುವುದು ನಾಲ್ಕು ದಿನದಲ್ಲಿ ನಾನೇ ಅಜ್ಜ ಎಂದಾಗಬಹುದು. ಮನಸ್ಸು ಹೀಗೆ ಉಬ್ಬಿಕೊಳ್ಳುವುದರ ಬಗ್ಗೆ ಯುಂಗ್ ಎಚ್ಚರಿಸಿದರು. ಪರೀಕ್ಷೆ ಸರಳ. ಕನಸು ಕಂಡವನು ಎದುರು ಮಾತಾಡಲು ಸಾಧ್ಯವಿದೆಯೆ? ಹರಿಹರ ಕವಿಯ ಬಸವರಾಜದೇವರ ರಗಳೆಯಲ್ಲಿ ಸಂಗಮನಾಥ ಕನಸಿನಲ್ಲಿ ಬಂದು ಬಿಜ್ಜಳನ ಮಂಗಳವಾಡಕ್ಕೆ ಹೋಗೆನ್ನುತ್ತಾನೆ. ಬಸವಣ್ಣನಿಗೆ ಅದು ಹಿಗ್ಗಿನ ಸುದ್ದಿಯಾಗುವುದಿಲ್ಲ. ನಿನ್ನನ್ನು ಬಿಟ್ಟು ಹೇಗೆ ಹೋಗಲಿ ಎಂದು ಕೊರಗುತ್ತಾನೆ. ಕನಸಿನ ಹಿರಿಯನ ಎದುರು ಹೀಗೆ ಕೊರಗಿ ವಾದಿಸುವಷ್ಟು ಜಾಗ ಉಳಿದಿದ್ದರೆ ಚಿಂತೆಯಿಲ್ಲ. ಶಿಕ್ಷಕರಿಗೆ ನಾನು ಹೇಳಿದ್ದು, ಎಚ್ಚರದಲ್ಲಿ ಕೂತು ಅಜ್ಜನ ಪ್ರಶ್ನೆಗೆ ಉತ್ತರ ಬರೆಯಿರಿ ಎಂದು. ಒಂದು ವಾರ ಖಾಲಿ ಹಾಳೆ. ಆಮೇಲೆ ಒಂದೇ ಸಾಲು ಬಂತು: ನನ್ನ ಹೆಸರು ಎಲ್ಲ ಕಡೆ ಅಣ್ಣನ ಹೆಸರಿನ ಕೆಳಗೆ ಇದೆ.

ಮೂರನೆಯ ಕನಸು ಅಡಿಗೆಮನೆಯದು. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಇವರು ಊಟಕ್ಕೆ ಕೂತಿದ್ದಾರೆ. ತಾಟು ಖಾಲಿಯಾಗುವ ಮೊದಲೇ ಇನ್ನೊಂದು ರೊಟ್ಟಿ ಬೀಳುತ್ತದೆ. ಸಾಕು ಎಂದರೆ ಅವಳಿಗೆ ಕೇಳಿಸುವುದಿಲ್ಲ. ಹೊಲಕ್ಕೆ ಹೋಗಬೇಕು, ಪಾಳಿ ಬಂದಿದೆ. ಏಳಲು ನೋಡಿದರೆ ಬಾಗಿಲು ಗೂಡಿನಷ್ಟು ಚಿಕ್ಕದಾಗಿದೆ. ಅವ್ವನ ಮೈ ಅಡಿಗೆಮನೆಯ ತುಂಬ ಹರಡಿದೆ, ಕೈ ಎಷ್ಟೆಂದು ಎಣಿಸಲು ಬರುವುದಿಲ್ಲ, ಮುಖ ಮಾತ್ರ ದಿನದ ಅವ್ವನದೇ.

ಕನಸಿನ ತಾಯಿ ಯಾವಾಗ ಬರೀ ನಮ್ಮ ತಾಯಿ, ಯಾವಾಗ ಅದಕ್ಕಿಂತ ಹೆಚ್ಚಿನವಳು? ತೀರಿಹೋದ ತಾಯಿ ಎಂದಿನ ಸೀರೆಯಲ್ಲಿ ಬಂದು ಉಂಡಿಯೇನು ಎಂದು ಕೇಳಿ ಹೋದರೆ ಅದು ಅಗಲಿಕೆಯ ಕನಸು. ಅದಕ್ಕೆ ಮೂಲಪ್ರತಿಮೆಯ ಪಟ್ಟಿ ಕಟ್ಟುವುದು ದುಃಖಕ್ಕೆ ಮಾಡುವ ಅನ್ಯಾಯ. ಅಳತೆ ಮೀರಿದಾಗ, ಮನೆಯೇ ಅವಳ ಮೈಯಾದಾಗ, ಪ್ರೀತಿ ಮತ್ತು ಭಯ ಒಂದೇ ಉಸಿರಿನಲ್ಲಿ ಬಂದಾಗ ಮಾತ್ರ ಪುರಾಣದ ಮೆಟ್ಟಿಲು ಹತ್ತಬಹುದು. 1938ರಲ್ಲಿ ತಾಯಿಯ ಮೂಲಪ್ರತಿಮೆಯ ಮೇಲೆ ಮಾಡಿದ ಭಾಷಣದಲ್ಲಿ ಯುಂಗ್ ಪೊರೆಯುವ ಮತ್ತು ನುಂಗುವ ಎರಡೂ ಮುಖಗಳನ್ನು ಹೇಳಿ, ಅದಕ್ಕೆ ಕಾಳಿಯನ್ನೂ ಸಾಂಖ್ಯದ ಪ್ರಕೃತಿಯ ಮೂರು ಗುಣಗಳನ್ನೂ ಕರೆತಂದರು. ಭಾರತದಿಂದ ಹಿಂದಿರುಗಿದ ವರ್ಷವೇ ಅದು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಕಂಬಾರರ ‘ಮಹಾಮಾಯಿ’ ನಾಟಕದಲ್ಲಿ ಸಾವಿನ ದೇವತೆಯೇ ತಾಯಿ. ಸಾಕುಮಗ ಸಂಜೀವಶಿವನಿಗೆ ವೈದ್ಯ ಕಲಿಸಿದವಳೂ ಅವಳೇ, ಯಾವ ರೋಗಿ ಉಳಿಯಬಾರದು ಎಂದು ಹೇಳುವವಳೂ ಅವಳೇ. ಅವನು ನಿಜವಾಗಿ ವೈದ್ಯನಾಗಬೇಕಾದರೆ ಒಂದು ಸಲವಾದರೂ ತಾಯಿಯ ಮಾತು ಮೀರಬೇಕು.

ನಮ್ಮ ಶಿಕ್ಷಕರ ಅವ್ವ ಬದುಕಿದ್ದರು, ಪ್ರೀತಿಯ ಹೆಂಗಸು. ವಾಟ್ನಿಯ ದಿನ, “ದೊಡ್ಡಾಂವಗ ಬಿಟ್ಟಕೊಡೋ ನನ ಮಗನ, ನೀ ಶಾಣ್ಯಾ ಅದಿ” ಎಂದವರು ಅವರೇ. ಶಾಣ್ಯಾ ಮಗನೆಂಬ ರೊಟ್ಟಿಯನ್ನು ಇವರು ಹುಟ್ಟಿದಾಗಿನಿಂದ ಉಂಡಿದ್ದರು. ಮೂರು ಕನಸುಗಳನ್ನು ಒಂದರ ಪಕ್ಕ ಒಂದಿಟ್ಟಾಗ ಅವು ಒಂದೇ ಹೊಲದ ಮೂರು ಬದುಗಳಾಗಿ ಕಂಡವು. ಒಂದೊಂದನ್ನೇ ಬೇರೆ ಬೇರೆ ಓದಿದ್ದರೆ ಕಳ್ಳನ ಭಯ, ಅಜ್ಜನ ದರ್ಶನ, ಲಕ್ಷ್ಮವ್ವನ ಹರಕೆ ಎಂದು ಮೂರು ದಿಕ್ಕಿಗೆ ಹೋಗುತ್ತಿದ್ದವು. ಮನೆಯವರು ಲಕ್ಷ್ಮವ್ವನಿಗೆ ಉಡಿ ತುಂಬಿಸಿದರು. ಅದೂ ಆಗಲಿ ಎಂದೆ.

ಇನ್ನು ಕನಸಿನ ಮಿತಿ. ಶಿಕ್ಷಕರು ಒಂದು ಹಂತದಲ್ಲಿ, ಹಾಗಾದರೆ ಅಣ್ಣ ನನ್ನ ಬದು ಒತ್ತಿರಬೇಕು, ಅದಕ್ಕೇ ಕನಸು ಬಿತ್ತು ಎಂದು ಮೋಜಣಿಗೆ ಅರ್ಜಿ ಹಾಕಿದರು. ಅಳತೆ ಬಂತು. ಬದು ಸರಿಯಾಗಿಯೇ ಇತ್ತು, ಒಂದು ಗುಂಟೆಯೂ ಆಚೀಚೆ ಆಗಿರಲಿಲ್ಲ. ಕನಸು ಬಯಕೆಯ ವಿಷಯ ಹೇಳೀತು, ಉತಾರದ ವಿಷಯ ಹೇಳುವುದಿಲ್ಲ. ಒಳಗಿನ ನೆರಳನ್ನು ಅಣ್ಣನ ಮೈಗೆ ಹೊದಿಸಿದ್ದರಿಂದ ಇಬ್ಬರ ನಡುವೆ ಮಾತು ಬಹಳ ದಿನ ನಿಂತಿತು. ಮತ್ತೆ ಶುರುವಾದಾಗ ಶಿಕ್ಷಕರು ಹೇಳಿದ್ದು ಬೇರೆ: ಅಳತೆ ಸರಿ ಇದೆ, ಆದರೆ ಕಾಲುವೆ ಬದಿಯ ತುಂಡು ನನಗೂ ಬೇಕಿತ್ತು. ತುಂಡು ಸಿಗಲಿಲ್ಲ. ಎರಡು ಹಂಗಾಮಿನ ನಂತರ ಪಾಳಿಯ ರಾತ್ರಿಗಳು ಬದಲಾದವು.

ಎಲ್ಲ ಕನಸನ್ನೂ ಹೀಗೆ ಬಿಡಿಸಲು ಹೋಗಬಾರದು. 1925–26ರಲ್ಲಿ ಯುಂಗ್ ಪೂರ್ವ ಆಫ್ರಿಕದ ಎಲ್ಗಾನ್ ಬೆಟ್ಟದ ಜನರ ನಡುವೆ ಇದ್ದಾಗ, ಅವರು ಸಣ್ಣ ಕನಸು, ದೊಡ್ಡ ಕನಸು ಎಂದು ಎರಡು ಬಗೆ ಮಾಡುವುದನ್ನು ಕಂಡರು. ಬ್ರಿಟಿಷರು ಬಂದ ಮೇಲೆ ನಮಗೆ ದೊಡ್ಡ ಕನಸು ಬೀಳುವುದಿಲ್ಲ, ಎಲ್ಲ ಜಿಲ್ಲಾಧಿಕಾರಿಗೇ ಗೊತ್ತಿರುತ್ತದಲ್ಲ ಎಂದು ಅಲ್ಲಿಯ ವೈದ್ಯ ಮುದುಕ ದುಃಖಪಟ್ಟನಂತೆ. ಅಮೆರಿಕದ ಕಾಲ್ವಿನ್ ಹಾಲ್ ಸಾವಿರಾರು ಕನಸು ಕೂಡಿಸಿ ಎಣಿಸಿದಾಗಲೂ ಹೆಚ್ಚಿನವು ಗೊತ್ತಿರುವ ಜನ, ಗೊತ್ತಿರುವ ಮನೆಗಳವೇ ಆಗಿದ್ದವು. ಬಸ್ಸು ತಪ್ಪಿದ ಕನಸಿನಲ್ಲಿ ಕಂಡಕ್ಟರನನ್ನು ಜ್ಞಾನಿ ವೃದ್ಧನನ್ನಾಗಿ ಮಾಡಬೇಡಿ.

ಕೊನೆಯದಾಗಿ, ಮೂಲಪ್ರತಿಮೆಯ ಮಾತನ್ನೇ ಎತ್ತಬಾರದ ಒಂದು ಕನಸು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದ್ದನ್ನು ಇಲ್ಲಿ ಕೂತ ಹಲವರು ಕಣ್ಣಾರೆ ಕಂಡಿದ್ದೀರಿ. ಅಂಥದ್ದರ ನಂತರ ನೀರಿನ ಕನಸು ಬಿದ್ದರೆ ಕೆಲವರು ಗಂಗವ್ವ ಮುನಿದಳು ಎನ್ನುತ್ತಾರೆ, ನನ್ನಂಥ ಓದಿದವರು ತಾಯಿಯ ಮೂಲಪ್ರತಿಮೆ ಎನ್ನುತ್ತಾರೆ. ಇಬ್ಬರೂ ತಡೆದು ನೋಡಬೇಕು. ಶಿಕ್ಷಕರ ಕನಸು ವಾರದಿಂದ ವಾರಕ್ಕೆ ಬದಲಾಯಿತು, ಹೊಸಬರು ಬಂದರು, ಕೇಳಿದ ಪ್ರಶ್ನೆಗೆ ಮುಂದಿನ ಕನಸು ಉತ್ತರ ಕೊಟ್ಟಿತು. ಆಘಾತದ ಕನಸು ಬಹಳ ಸಲ ಹಾಗಿರುವುದಿಲ್ಲ. ಅದೇ ನೀರು, ಅದೇ ಗೋಡೆ, ಅದೇ ಕೂಗು. ತಿಂಗಳುಗಟ್ಟಲೆ ಒಂದು ಕೂದಲೂ ಕದಲದೆ ನಡೆದದ್ದೇ ಮತ್ತೆ ನಡೆಯುತ್ತದೆ. ಎದ್ದಾಗ ಎದೆ ಡವಗುಟ್ಟುತ್ತದೆ, ಮತ್ತೆ ಮಲಗಲು ಹೆದರಿಕೆ, ಹಗಲೂ ನೀರಿನ ಸದ್ದಿಗೆ ಮೈ ಬೆಚ್ಚುತ್ತದೆ. ಇದಕ್ಕೆ ಅರ್ಥ ಹುಡುಕುತ್ತ ಕೂರದೆ ಮನೋವೈದ್ಯರನ್ನು ಕಾಣಬೇಕು. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವೇನಲ್ಲ. ಇಂಥ ಕನಸಿಗೆ ಬಳಕೆಯಲ್ಲಿರುವ ಒಂದು ಚಿಕಿತ್ಸೆ ಬಹಳ ಸರಳವಾದದ್ದು: ಹಗಲಿನಲ್ಲಿ ಕನಸನ್ನು ಬರೆದು, ತನಗೆ ತೋಚಿದಂತೆ ಅದರ ನಡಿಗೆ ಬದಲಿಸಿ, ನೀರು ಮೆಟ್ಟಿಲಿಗೇ ನಿಂತಿತು ಎಂದೋ, ಗೋಡೆ ಬೀಳುವ ಮೊದಲೇ ಎಲ್ಲರೂ ಮಾಳಿಗೆ ಹತ್ತಿದರು ಎಂದೋ ಮಾಡಿಕೊಂಡು, ಆ ಹೊಸ ಕನಸನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಕಣ್ಣುಮುಚ್ಚಿ ಮನಸ್ಸಿನಲ್ಲಿ ನಡೆಸುವುದು. ಹಳೆಯದನ್ನು ಮತ್ತೆ ಮತ್ತೆ ನೆನೆಸಬಾರದು, ಹೊಸದನ್ನಷ್ಟೇ ರೂಢಿ ಮಾಡಬೇಕು. ಹಲವರಲ್ಲಿ ಕೆಲವು ವಾರಗಳಲ್ಲಿ ಕನಸಿನ ಬಿಗಿ ಸಡಿಲುತ್ತದೆ. ಎಲ್ಲರಲ್ಲೂ ಅಲ್ಲ, ಮೊದಲ ದಿನಗಳಲ್ಲಿ ತಳಮಳ ಹೆಚ್ಚಾದರೆ ಒಬ್ಬರೇ ಮುಂದುವರಿಸದೆ ವೈದ್ಯರ ಜೊತೆಗಿದ್ದೇ ಮಾಡಬೇಕು.